‘ಬೈದರೆ ಸುಮ್ಮನಿರ್ತಾನ್ರಿ’: ಟಿಕ್ ಇರುವ ಒಬ್ಬ ಹುಡುಗನ ಪ್ರಕರಣ, ಶಿಕ್ಷಕರಿಗೂ ಪಾಲಕರಿಗೂ

ಈ ಹುಡುಗನನ್ನು ಇಲ್ಲಿ ಮಲ್ಲು ಎಂದು ಕರೆಯುತ್ತೇನೆ. ಅದು ಅವನ ಹೆಸರಲ್ಲ. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರು, ಶಾಲೆ, ಮನೆತನದ ವಿವರಗಳನ್ನು ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಟಿಕ್ ಎಂದರೆ ಬೇಕೆಂದು ಮಾಡದಿದ್ದರೂ ಒಮ್ಮೆಲೇ, ಮತ್ತೆ ಮತ್ತೆ ಬರುವ ದೇಹದ ಚಲನೆ ಅಥವಾ ಸದ್ದು. ಕಲಬುರಗಿಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿರುವ ನನ್ನ ಬಳಿಗೆ ಬರುವ ಟಿಕ್ ಪ್ರಕರಣಗಳಲ್ಲಿ ಇದು ತೀರಾ ತೀವ್ರವಾದದ್ದೇನಲ್ಲ. ಆದರೆ ಶಾಲೆಯಲ್ಲಿ ತೆಗೆದುಕೊಂಡ ಒಂದೊಂದು ತೀರ್ಮಾನ ಹುಡುಗನನ್ನು ಎತ್ತ ಒಯ್ದಿತು ಎಂಬುದು ಇದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಹಿನ್ನೆಲೆ

ಮಲ್ಲು ನಮ್ಮಲ್ಲಿಗೆ ಬಂದಾಗ ಜಿಲ್ಲೆಯ ಒಂದು ತಾಲೂಕು ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಐದನೇ ತರಗತಿ ಓದುತ್ತಿದ್ದ. ವಯಸ್ಸು ಹತ್ತು. ತಂದೆಗೆ ತೊಗರಿ ಬೇಳೆಯ ಮಿಲ್ಲಿನಲ್ಲಿ ಕೆಲಸ, ತಾಯಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಮನೆಯಲ್ಲಿ ಅಜ್ಜಿ ಮತ್ತು ತಂಗಿ ಇದ್ದಾರೆ.

ತಾಯಿ ಹೇಳಿದ ಪ್ರಕಾರ ಆರನೇ ವಯಸ್ಸಿಗೆ ಮೊದಲು ಶುರುವಾದದ್ದು ಕಣ್ಣು. ಟಿವಿ ನೋಡುವಾಗ ಕಣ್ಣನ್ನು ಗಟ್ಟಿಯಾಗಿ ಮುಚ್ಚಿ ಮುಚ್ಚಿ ತೆಗೆಯುತ್ತಿದ್ದ. ಕಣ್ಣಿನ ಡಾಕ್ಟರು ದೃಷ್ಟಿ ಪರೀಕ್ಷಿಸಿ, ಅಲರ್ಜಿ ಇರಬಹುದೆಂದು ಹನಿ ಔಷಧ ಕೊಟ್ಟರು. ಕೆಲವು ವಾರಗಳಲ್ಲಿ ಕಣ್ಣು ಮಿಟುಕಿಸುವುದು ನಿಂತಿತು. ಮುಂದಿನ ವರ್ಷ ಮೂಗು ಸೊಟ್ಟ ಮಾಡುವುದು ಬಂತು, ಹೋಯಿತು. ಎಂಟರ ಹೊತ್ತಿಗೆ ಕುತ್ತಿಗೆಯನ್ನು ಬಲಕ್ಕೆ ಝಾಡಿಸತೊಡಗಿದ. ಅಜ್ಜಿ ದೃಷ್ಟಿ ತೆಗೆದರು, ದರ್ಗಾಕ್ಕೆ ಕರೆದೊಯ್ದು ತಾಯಿತ ಕಟ್ಟಿಸಿದರು, ಶರಣಬಸವೇಶ್ವರರಿಗೆ ಹರಕೆ ಹೊತ್ತರು. ಅದೂ ಕಡಿಮೆಯಾಯಿತು. ಒಂಬತ್ತಕ್ಕೆ ಗಂಟಲು ಕೆರೆಯುವ ಸದ್ದು ಶುರುವಾಯಿತು. ಕೆಮ್ಮಿನ ಸಿರಪ್ ಕುಡಿಸಿದರು, ಎದೆಯ ಎಕ್ಸ್‌ರೇ ತೆಗೆಸಿದರು, ಎಲ್ಲವೂ ಸರಿ ಇತ್ತು. ಗಂಟಲು ಕೆರೆಯುವುದು ಹೋಗಿ ಆ ಜಾಗಕ್ಕೆ ‘ಹ್ಞುಂ’ ಎನ್ನುವ ಗಿಡ್ಡನೆಯ, ಸ್ವಲ್ಪ ಜೋರಾದ ಸದ್ದು ಬಂತು. ಅದು ಹೋಗಲಿಲ್ಲ.

ಟಿಕ್‌ಗಳು ಸಾಮಾನ್ಯವಾಗಿ ನಾಲ್ಕರಿಂದ ಆರು ವರ್ಷದೊಳಗೆ, ಹೆಚ್ಚಾಗಿ ಕಣ್ಣು ಅಥವಾ ಮುಖದಿಂದ ಆರಂಭವಾಗುತ್ತವೆ. ಹತ್ತರಿಂದ ಹನ್ನೆರಡರ ಆಸುಪಾಸಿನಲ್ಲಿ ಬಹಳ ಮಕ್ಕಳಿಗೆ ಅತಿ ಹೆಚ್ಚಾಗಿರುತ್ತವೆ. ಹುಡುಗಿಯರಿಗಿಂತ ಹುಡುಗರಲ್ಲಿ ಹೆಚ್ಚು. ಇನ್ನೊಂದು ಗುಣವನ್ನು ಮಾತ್ರ ಎಲ್ಲರೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು: ಟಿಕ್ ತಾನಾಗಿ ಏರುತ್ತದೆ, ತಾನಾಗಿ ಇಳಿಯುತ್ತದೆ, ಜಾಗ ಬದಲಿಸುತ್ತದೆ. ವಾರಗಟ್ಟಲೆ ಕಾಟ ಕೊಟ್ಟದ್ದು ಒಂದು ದಿನ ಕಾಣುವುದೇ ಇಲ್ಲ. ನಾವು ಡಾಕ್ಟರ ಹತ್ತಿರವೋ ದೇವರ ಹತ್ತಿರವೋ ಓಡುವುದು ಅದು ಏರಿದ ದಿನಗಳಲ್ಲಿ. ಆಮೇಲೆ ಹೇಗೂ ಇಳಿಯಬೇಕಾದ್ದು ಇಳಿದಾಗ, ಆ ಹೊತ್ತಿನಲ್ಲಿ ಕೈಯಲ್ಲಿದ್ದುದಕ್ಕೆ ಹೆಸರು ಬರುತ್ತದೆ. ಮಲ್ಲುವಿನ ಮನೆಯಲ್ಲಿ ಹನಿ ಔಷಧಕ್ಕೂ ತಾಯಿತಕ್ಕೂ ಹೀಗೇ ಹೆಸರು ಬಂದಿತ್ತು. ಹಾಗಾಗಿ ನಾಲ್ಕು ವರ್ಷಗಳಲ್ಲಿ ನಾಲ್ಕು ಬೇರೆ ಬೇರೆ ತೊಂದರೆಗಳು ಬಂದು ಹೋದವು ಎಂದೇ ಮನೆಯವರು ನಂಬಿದ್ದರು. ಇವೆಲ್ಲ ಒಂದೇ ಸ್ಥಿತಿಯ ಮುಖಗಳೆಂದು ಯಾರೂ ಜೋಡಿಸಿ ನೋಡಿರಲಿಲ್ಲ.

ಶಾಲೆಯಲ್ಲಿ ಆದದ್ದು

ಐದನೇ ತರಗತಿಯ ಕನ್ನಡ ಶಿಕ್ಷಕರು ಶಿಸ್ತಿನವರು. ಮಕ್ಕಳಿಂದ ಪಾಠವನ್ನು ಗಟ್ಟಿಯಾಗಿ ಓದಿಸುವುದು ಅವರ ಪದ್ಧತಿ. ಅವರು ಮಾತಾಡುವಾಗಲೆಲ್ಲ ಮಲ್ಲು ‘ಹ್ಞುಂ’ ಎನ್ನುತ್ತಿದ್ದ. ತಮ್ಮ ಮಾತಿಗೆ ಹ್ಞುಂಗುಟ್ಟಿ ಅಣಕಿಸುತ್ತಿದ್ದಾನೆ ಎಂದು ಅವರಿಗೆ ಅನ್ನಿಸಿತು. ತರಗತಿ ನಗುತ್ತಿತ್ತು. ಮೊದಲು ಬೈದರು, ಮೊದಲನೇ ಬೆಂಚಿಗೆ ತಂದು ಕೂರಿಸಿದರು, ಆಮೇಲೆ ಓದಿನ ಸರದಿಯಲ್ಲಿ ಸದ್ದು ಬಂದರೆ ಹೊರಗೆ ನಿಲ್ಲಿಸತೊಡಗಿದರು. ನಾನು ಭೇಟಿಯಾದಾಗ ಅವರು ಹೇಳಿದ್ದು ಇದು: “ರೋಗ ಇದ್ರ ಬೈದ ಕೂಡ್ಲೇ ಹ್ಯಾಂಗ ನಿಲ್ತದ್ರಿ ಮೇಡಂ? ನಾ ಒಮ್ಮಿ ಜೋರ್ ಮಾಡಿದ್ರ ಐದ್ ಮಿನಿಟ್ ಸುಮ್ಮನಿರ್ತಾನ್ರಿ. ಆಮ್ಯಾಗ ಮತ್ತ ಚಾಲೂ.”

ಈ ಪ್ರಶ್ನೆ ನ್ಯಾಯವಾದದ್ದೇ. ಟಿಕ್ ಇರುವ ಮಗುವಿನ ಬಗ್ಗೆ ದೊಡ್ಡವರು ತಪ್ಪು ತಿಳಿಯುವುದು ಹೆಚ್ಚಾಗಿ ಇಲ್ಲೇ. ಟಿಕ್ ಬರುವ ಮುನ್ನ ಆ ಜಾಗದಲ್ಲಿ ಒಂದು ಒತ್ತಡ ಏಳುತ್ತದೆ. ಮಲ್ಲು ಅದನ್ನು “ಗಂಟಲದಾಗ ತುರಿಸಿದಂಗ ಆಗ್ತದ, ಹ್ಞುಂ ಅಂದ್ರ ಹೋಗ್ತದ” ಎಂದು ಹೇಳಿದ. ಸೀನನ್ನು ಸ್ವಲ್ಪ ಹೊತ್ತು ತಡೆಯಬಹುದಾದ ಹಾಗೆ ಅದನ್ನೂ ತಡೆಯಬಹುದು. ಆದರೆ ತಡೆಯುವಷ್ಟು ಹೊತ್ತೂ ಮಗುವಿನ ಗಮನವೆಲ್ಲ ಆ ತಡೆಯಲ್ಲೇ ಇರುತ್ತದೆ. ಶಿಕ್ಷಕರು ಹೇಳಿದ ಆ ಐದು ನಿಮಿಷದಲ್ಲಿ ಏನು ಪಾಠ ನಡೆಯಿತು ಎಂದು ಮಲ್ಲುವನ್ನು ಕೇಳಿದೆ. “ಕೇಳಿಸಿಲ್ರಿ” ಎಂದ. ತಡೆಯಲು ಆಗುತ್ತದೆ ಎಂದ ಮಾತ್ರಕ್ಕೆ ಬೇಕೆಂದೇ ಮಾಡುತ್ತಿದ್ದಾನೆ ಎಂದಾಗುವುದಿಲ್ಲ. ಮಿರ್ಗಿ, ಅಂದರೆ ಮೂರ್ಛೆರೋಗ, ಅಥವಾ ಬೇರೆ ನಡುಕಗಳಿಂದ ಟಿಕ್ಕನ್ನು ಬೇರ್ಪಡಿಸಲು ವೈದ್ಯರು ನೋಡುವ ಲಕ್ಷಣಗಳಲ್ಲಿ ಈ ತಡೆಯುವಿಕೆಯೂ ಒಂದು.

ದಸರಾ ರಜೆ ಮುಗಿದ ಮೇಲೆ ಮಲ್ಲು ಬೆಳಿಗ್ಗೆ ಹೊಟ್ಟೆನೋವು ಎನ್ನತೊಡಗಿದ. ಕನ್ನಡ ಮೊದಲ ಪಿರಿಯಡ್ ಇರುವ ದಿನ ಶಾಲೆಗೆ ಹೋಗುತ್ತಲೇ ಇರಲಿಲ್ಲ. ಮುಖ್ಯಗುರುಗಳು ತಾಯಿಯನ್ನು ಕರೆಸಿ, ತಾಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್ಕಿಗೆ ತೋರಿಸಲು ಹೇಳಿದರು. ‘ಹುಚ್ಚರ ಡಾಕ್ಟರು’ ಎಂದು ಅಜ್ಜಿ ಬೇಡವೆಂದರು. ತಾಯಿ ಹಟ ಹಿಡಿದು ಕರೆತಂದರು. ಈ ಪ್ರಕರಣದ ಮೊದಲ ಒಳ್ಳೆಯ ತೀರ್ಮಾನ ಮುಖ್ಯಗುರುಗಳದ್ದು. ಹಾಜರಾತಿ ಇಲ್ಲ ಎಂದು ನೋಟಿಸು ಕಳಿಸಿ ಕೈತೊಳೆದುಕೊಳ್ಳಲು ಅವರಿಗೆ ಅವಕಾಶವಿತ್ತು.

ಟಿಕ್ ಎಂದು ತೀರ್ಮಾನಿಸಿದ್ದು ಹೇಗೆ

ಮನೋವೈದ್ಯರ ಎದುರು ಕುಳಿತಾಗ ಮಲ್ಲು ಒಂದು ಸದ್ದೂ ಮಾಡಲಿಲ್ಲ. ಹೊಸ ಜಾಗದಲ್ಲಿ, ಡಾಕ್ಟರ ಮುಂದೆ ಬಹಳ ಮಕ್ಕಳು ಹೀಗೆ ತಡೆದುಕೊಳ್ಳುತ್ತಾರೆ. ತಾಯಿ ಮುಜುಗರಪಟ್ಟರು, ಸುಳ್ಳು ಹೇಳಿದ ಹಾಗಾಯಿತಲ್ಲ ಎಂದು. ಮನೆಯಲ್ಲಿ ಅವನು ಟಿವಿ ನೋಡುವಾಗ ಅವನಿಗೆ ಹೇಳಿಯೇ ಎರಡು ನಿಮಿಷದ ಮೊಬೈಲ್ ವಿಡಿಯೋ ಮಾಡಿ ತರಲು ವೈದ್ಯರು ಹೇಳಿದರು. ಮುಂದಿನ ಮಂಗಳವಾರ ಆ ವಿಡಿಯೋದಲ್ಲಿ ಎಲ್ಲವೂ ಇತ್ತು: ಕುತ್ತಿಗೆ, ಕಣ್ಣು, ‘ಹ್ಞುಂ’. ಪಾಲಕರಿಗೆ ನಾನು ಯಾವಾಗಲೂ ಹೇಳುವುದಿದೆ, ತಪಾಸಣೆಗೆ ಹೋಗುವಾಗ ಫೈಲಿಗಿಂತ ಮೊದಲು ಇಂಥದೊಂದು ವಿಡಿಯೋ ಇರಲಿ.

ದೇಹದ ಚಲನೆಯ ಟಿಕ್‌ಗಳು ಒಂದಕ್ಕಿಂತ ಹೆಚ್ಚು, ಸದ್ದಿನ ಟಿಕ್ ಕನಿಷ್ಠ ಒಂದು ಇದ್ದು, ಹದಿನೆಂಟರೊಳಗೆ ಶುರುವಾಗಿ ಒಂದು ವರ್ಷ ದಾಟಿದ್ದರೆ ಅದನ್ನು ಟುರೆಟ್ ಸಿಂಡ್ರೋಮ್ ಎನ್ನುತ್ತಾರೆ. 1885ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವೈದ್ಯ ಗಿಲ್ ದ ಲಾ ಟುರೆಟ್ ಅವರ ಹೆಸರು ಅದು. ಚಲನೆ ಮಾತ್ರ ಅಥವಾ ಸದ್ದು ಮಾತ್ರ ವರ್ಷ ದಾಟಿದರೆ ದೀರ್ಘಕಾಲದ ಟಿಕ್. ಇನ್ನೂ ವರ್ಷವಾಗಿಲ್ಲದಿದ್ದರೆ ತಾತ್ಕಾಲಿಕ ಎಂದು ಕರೆದು ಕಾದು ನೋಡುತ್ತಾರೆ. ಶಾಲಾ ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಈ ತಾತ್ಕಾಲಿಕ ಬಗೆಯೇ. ಮಲ್ಲುವಿನದು ಟುರೆಟ್. ಆ ಹೆಸರನ್ನು ಅಂತರ್ಜಾಲದಲ್ಲಿ ಹುಡುಕಿದ ತಂದೆ, ಮಗ ಮುಂದೆ ಬೈಗುಳ ಒದರುತ್ತಾನೇನೋ ಎಂದು ಹೆದರಿದ್ದರು. ತನ್ನ ಹಿಡಿತಕ್ಕೆ ಸಿಗದೆ ಹೊಲಸು ಮಾತು ಬರುವುದು ಟುರೆಟ್ ಇರುವ ಹತ್ತು ಜನರಲ್ಲಿ ಸುಮಾರು ಒಬ್ಬರಿಗೆ. ಉಳಿದವರಿಗೆ ಆ ತೊಂದರೆ ಬರುವುದೇ ಇಲ್ಲ.

ವೈದ್ಯರು ಕೆಲವು ಪ್ರಶ್ನೆಗಳನ್ನು ಒತ್ತಿ ಕೇಳಿದರು. ಆ ಹೊತ್ತಿನಲ್ಲಿ ಎಚ್ಚರ ತಪ್ಪುತ್ತದೆಯೇ, ಕರೆದರೆ ಓಗೊಡುವುದಿಲ್ಲವೇ? ಹಾಗಿದ್ದರೆ ಮಿರ್ಗಿಯ ಕಡೆ ನೋಡಬೇಕು. ಗಂಟಲು ನೋವು, ಜ್ವರ, ಕೀಲುನೋವು ಬಂದುಹೋದ ಮೇಲೆ ಶುರುವಾಯಿತೇ? ಕೈಯಿಂದ ಸಾಮಾನು ಜಾರುವುದು, ಅಕ್ಷರ ಒಮ್ಮೆಲೇ ಕೆಡುವುದು, ಕೈಕಾಲು ಎತ್ತೆತ್ತಲೋ ಹರಿದಾಡುವುದು ಇದೆಯೇ? ಇದ್ದರೆ ರುಮ್ಯಾಟಿಕ್ ಜ್ವರದ ನಂತರ ಬರುವ, ಕೊರಿಯಾ ಎಂಬ ಚಲನೆಯ ತೊಂದರೆ ಇರಬಹುದು. ಅದು ಹೃದಯಕ್ಕೂ ಸಂಬಂಧಿಸಿದ್ದು, ಬೇಗ ತೋರಿಸಬೇಕಾದದ್ದು. ಮಲ್ಲುವಿಗೆ ಇವು ಯಾವುವೂ ಇರಲಿಲ್ಲ. ನಾಲ್ಕು ವರ್ಷಗಳ ಕಥೆಯೇ ರೋಗನಿರ್ಣಯವನ್ನು ಹೇಳುತ್ತಿತ್ತು. ತಲೆಯ ಸ್ಕ್ಯಾನ್ ಬೇಡವೆಂದರು. ಸಾಲ ಮಾಡಿಯಾದರೂ ಸ್ಕ್ಯಾನ್ ಮಾಡಿಸುತ್ತೇವೆ ಎಂದು ಬಂದಿದ್ದ ತಂದೆಗೆ ಇದನ್ನು ಒಪ್ಪಲು ಸಮಯ ಬೇಕಾಯಿತು.

ಮೊದಲ ಕೆಲಸ ತರಗತಿಯಲ್ಲಿ

ಔಷಧವನ್ನು ಆಗಲೇ ಶುರುಮಾಡಬೇಕೇ ಎಂಬುದು ಮುಂದಿನ ತೀರ್ಮಾನ. ಟಿಕ್ ಎಷ್ಟು ಸಲ ಬರುತ್ತದೆ ಎನ್ನುವುದಕ್ಕಿಂತ ಅದರಿಂದ ಮಗುವಿಗೆ ಏನು ನಷ್ಟವಾಗುತ್ತಿದೆ ಎಂದು ನೋಡಿ ಇದನ್ನು ನಿರ್ಧರಿಸುತ್ತಾರೆ. ಆಗ ಮಲ್ಲುವಿಗೆ ಕುತ್ತಿಗೆ ನೋಯುತ್ತಿರಲಿಲ್ಲ, ನಿದ್ದೆ ಚೆನ್ನಾಗಿತ್ತು, ಗೆಳೆಯರಿದ್ದರು. ನಷ್ಟವೆಲ್ಲ ತರಗತಿಯಲ್ಲಿ ಆಗುತ್ತಿತ್ತು. ಹಾಗಾಗಿ ಮೊದಲು ತರಗತಿಯನ್ನು ಸರಿಪಡಿಸೋಣ, ಜೊತೆಗೆ ನಡವಳಿಕೆ ತರಬೇತಿ ಕೊಡೋಣ, ಮಾತ್ರೆಯ ವಿಚಾರ ಆಮೇಲೆ ಎಂದು ವೈದ್ಯರು, ಮನೆಯವರು, ನಾನು ಕೂಡಿ ಒಪ್ಪಿಕೊಂಡೆವು.

ಶಾಲೆಯಲ್ಲಿ ಮುಖ್ಯಗುರುಗಳ ಕೋಣೆಯಲ್ಲಿ ಕನ್ನಡ ಶಿಕ್ಷಕರ ಜೊತೆ ಕೂತು ಒಂದು ವಾರದ ಲೆಕ್ಕ ಹಾಕಿದೆವು. ಯಾವ ಹೊತ್ತಿಗೆ ಸದ್ದು ಹೆಚ್ಚು? ಗಣಿತದಲ್ಲಿ ಕಡಿಮೆ, ಆಟದಲ್ಲಿ ಇಲ್ಲವೇ ಇಲ್ಲ, ಚಿತ್ರ ಬರೆಯುವಾಗ ಇಲ್ಲ. ಕನ್ನಡ ಪಿರಿಯಡ್ಡಿನಲ್ಲಿ ಹೆಚ್ಚು, ಅದರಲ್ಲೂ ತನ್ನ ಓದಿನ ಸರದಿ ಹತ್ತಿರವಾದಂತೆ ಇನ್ನೂ ಹೆಚ್ಚು. ಆಮೇಲೆ ಏನಾಗುತ್ತದೆ? ಹೊರಗೆ ಕಳಿಸುತ್ತಾರೆ, ಓದು ತಪ್ಪುತ್ತದೆ. ಆತಂಕ ಟಿಕ್ಕನ್ನು ಏರಿಸುತ್ತಿತ್ತು, ಟಿಕ್ ಅವನನ್ನು ಆತಂಕದ ಜಾಗದಿಂದ ಹೊರಗೆ ತರುತ್ತಿತ್ತು. ಇದು ಹುಡುಗನ ಉಪಾಯವಲ್ಲ, ಅವನಿಗೆ ಇದರ ಅರಿವೂ ಇರಲಿಲ್ಲ. ಆದರೂ ದಿನವೂ ಹೀಗೇ ಆದರೆ ಟಿಕ್ ಆ ಹೊತ್ತಿಗೆ ಅಂಟಿಕೊಳ್ಳುತ್ತದೆ. ಶಿಕ್ಷಕರು ಬಹಳ ಹೊತ್ತು ಆ ಹಾಳೆಯನ್ನೇ ನೋಡುತ್ತಿದ್ದು, “ಅಂದ್ರ ನಾ ಹೊರಗ ಕಳಿಸಿದ್ದಕ್ಕ ಹೆಚ್ಚಾಗ್ಯಾದ” ಎಂದರು. ಅವರು ಅಲ್ಲಿಂದ ಮುಂದೆ ನಮ್ಮ ಕಡೆಯವರಾದರು. ಈ ಪ್ರಕರಣದಲ್ಲಿ ನಾನು ಅತಿ ಹೆಚ್ಚು ಬೆಲೆ ಕೊಡುವ ತಿರುವು ಇದು.

ಓದಿನಿಂದ ಅವನನ್ನು ಪೂರ್ತಿ ಬಿಡಿಸುವುದು ಸುಲಭವಿತ್ತು. ನಾವು ಹಾಗೆ ಮಾಡಲಿಲ್ಲ, ಏಕೆಂದರೆ ಬಿಡಿಸಿದರೂ ಓದು ತಪ್ಪಿದ ಹಾಗೇ. ಮೊದಲು ಮಧ್ಯಾಹ್ನದ ಬಿಡುವಿನಲ್ಲಿ ಶಿಕ್ಷಕರೊಬ್ಬರ ಎದುರಿಗೇ ಅರ್ಧ ಪುಟ ಓದಿದ. ಕೆಲವು ವಾರಗಳ ನಂತರ ಗೆಳೆಯನ ಜೊತೆ ಇಬ್ಬರೂ ಒಟ್ಟಿಗೆ, ತರಗತಿಯ ಎದುರು. ಆಮೇಲೆ ತಾನೊಬ್ಬನೇ, ಎರಡು ಸಾಲು. ಸದ್ದು ಬಂದರೆ ಶಿಕ್ಷಕರು ಪುಸ್ತಕದಿಂದ ಕಣ್ಣೆತ್ತುತ್ತಿರಲಿಲ್ಲ, “ಮುಂದ” ಎಂದೂ ಹೇಳುತ್ತಿರಲಿಲ್ಲ, ಅವನೇ ಮುಂದುವರಿಸುವವರೆಗೆ ಕಾಯುತ್ತಿದ್ದರು. ಶಿಕ್ಷಕರು ನೋಡದಿದ್ದರೆ ಮಕ್ಕಳೂ ನೋಡುವುದಿಲ್ಲ.

ಮೊದಲ ಬೆಂಚಿನಿಂದ ಅವನನ್ನು ಬಾಗಿಲ ಬದಿಯ ಮೂರನೇ ಸಾಲಿಗೆ, ಗೋಡೆ ಕಡೆಗೆ ಕಳಿಸಿದರು. ಮುಂದೆ ಕೂತರೆ ಇಡೀ ತರಗತಿಯ ಕಣ್ಣು ಬೆನ್ನ ಮೇಲೆ ಇರುತ್ತದೆ. ಕಂಪಾಸ್ ಡಬ್ಬಿಯನ್ನು ನೆಟ್ಟಗೆ ನಿಲ್ಲಿಸಿದರೆ ಕೇಳದೆಯೇ ಎದ್ದುಹೋಗಿ ನೀರು ಕುಡಿದು ಬರಬಹುದು ಎಂದು ಒಪ್ಪಂದವಾಯಿತು. ಮೊದಲ ವಾರ ಅದನ್ನು ಬಹಳ ಬಳಸಿದ. ದುರುಪಯೋಗ ಮಾಡುತ್ತಾನೆ ಎಂದು ಇನ್ನೊಬ್ಬ ಶಿಕ್ಷಕಿ ಹೇಳಿದರು. ಕಾದು ನೋಡೋಣ ಎಂದೆವು. ಹೊರಗೆ ಹೋಗಲು ಅನುಮತಿ ಇದೆ ಎಂಬ ನಂಬಿಕೆ ಬಂದ ಮೇಲೆ ಹೋಗುವ ಅಗತ್ಯವೇ ಕಡಿಮೆಯಾಯಿತು. ಹೊರಗೆ ನಿಲ್ಲಿಸುವುದಕ್ಕೂ ಹೊರಗೆ ಹೋಗಿ ಬರಲು ಬಿಡುವುದಕ್ಕೂ ಮಗುವಿನ ಲೆಕ್ಕದಲ್ಲಿ ಅಜಗಜಾಂತರ.

ಸಹಪಾಠಿಗಳಿಗೆ ಹೇಳಬೇಕೇ ಬೇಡವೇ ಎಂಬುದನ್ನು ಮಲ್ಲುವಿಗೇ ಬಿಟ್ಟೆವು. ಮೊದಲು ಬೇಡವೆಂದ. ಆಮೇಲೆ ತಾನೇ ಬಂದು, “ನಾ ಇಲ್ದಾಗ ಹೇಳ್ರಿ” ಎಂದ. ಅವನು ಆಸ್ಪತ್ರೆಗೆ ಬಂದ ದಿನ ಕನ್ನಡ ಶಿಕ್ಷಕರೇ ತರಗತಿಗೆ ಹೇಳಿದರು: ಮೆದುಳಿನಿಂದ ಸ್ನಾಯುವಿಗೆ ಹೋಗುವ ಸಂಕೇತದಿಂದ ಈ ಸದ್ದು ಬರುತ್ತದೆ, ಅವನು ಬೇಕಂತ ಮಾಡುವುದಲ್ಲ, ನಾವು ಅದನ್ನು ಗಮನಿಸದೆ ಇರುವುದೇ ಸಹಾಯ. ಒಬ್ಬಳು ಹುಡುಗಿ ಎದ್ದು, “ಅಂಟ್ತದೇನ್ರಿ ಸರ?” ಎಂದು ಕೇಳಿದಳಂತೆ. ಅಂಟುವುದಿಲ್ಲ ಎಂಬ ಉತ್ತರ ಆ ತರಗತಿಗೆ ಬೇಕಾಗಿತ್ತು, ಏಕೆಂದರೆ ಇಬ್ಬರು ಹುಡುಗರು ಅವನ ಪಕ್ಕ ಕೂರುವುದನ್ನು ಬಿಟ್ಟಿದ್ದರು.

ಒಂದು ಕಡೆ ಎಡವಿತು. ರಜೆಯಲ್ಲಿದ್ದ ಶಿಕ್ಷಕರ ಬದಲು ಬೇರೆ ತರಗತಿಯ ಶಿಕ್ಷಕರು ಪಾಠಕ್ಕೆ ಬಂದ ದಿನ ಮಲ್ಲುವನ್ನು ಎದ್ದು ನಿಲ್ಲಿಸಿ ಬೈದರು. ಅವರಿಗೆ ಯಾರೂ ಹೇಳಿರಲಿಲ್ಲ. ಎರಡು ದಿನ ಅವನು ಶಾಲೆಗೆ ಹೋಗಲಿಲ್ಲ. ಅಂದಿನಿಂದ ನಾಲ್ಕು ಸಾಲಿನ ಒಂದು ಚೀಟಿಯನ್ನು ಆ ತರಗತಿಯ ಹಾಜರಿ ಪುಸ್ತಕದೊಳಗೆ ಇಟ್ಟರು. ಯಾರು ತರಗತಿಗೆ ಹೋದರೂ ಅದನ್ನು ಓದಿಯೇ ಹೋಗುತ್ತಾರೆ.

ತರಬೇತಿ

ಟಿಕ್‌ಗೆ ಮೊದಲ ಸಾಲಿನ ಚಿಕಿತ್ಸೆ ಎಂದು ಈಗ ಒಪ್ಪಿರುವುದು ಸಿಬಿಐಟಿ ಎಂಬ ನಡವಳಿಕೆ ತರಬೇತಿಯನ್ನು. ಸಾಮಾನ್ಯವಾಗಿ ಹತ್ತು ವಾರಗಳಲ್ಲಿ ಎಂಟು ಭೇಟಿ. ಅಮೆರಿಕದಲ್ಲಿ 9ರಿಂದ 17 ವರ್ಷದ 126 ಮಕ್ಕಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ತರಬೇತಿ ಪಡೆದವರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಕ್ಕಳು ಚೆನ್ನಾಗಿ ಸುಧಾರಿಸಿದರು. ಬರೀ ತಿಳಿವಳಿಕೆ ಮತ್ತು ಧೈರ್ಯ ಪಡೆದವರಲ್ಲಿ ಸುಧಾರಿಸಿದವರು ಐವರಲ್ಲಿ ಒಬ್ಬರಿಗಿಂತ ಕಡಿಮೆ. ಅಂದರೆ ಇದು ಕೆಲಸ ಮಾಡುತ್ತದೆ, ಎಲ್ಲರಿಗೂ ಅಲ್ಲ. ಮಲ್ಲು ಕೆಲವು ಭೇಟಿಗಳಿಗೆ ಬಸ್ಸಿನಲ್ಲಿ ಕಲಬುರಗಿಗೆ ಬಂದ, ಕೆಲವನ್ನು ವಿಡಿಯೋ ಕರೆಯಲ್ಲಿ ಮುಗಿಸಿದೆವು. ದಿನಗೂಲಿ ತಪ್ಪಿಸಿ ಬರಬೇಕಾದ ಮನೆಗಳಿಗೆ ವಿಡಿಯೋ ಕರೆ ದೊಡ್ಡ ಆಸರೆ.

ಮೊದಲು ಅವನು ಕಲಿತದ್ದು ಒತ್ತಡವನ್ನು ಗುರುತಿಸುವುದು. ಗಂಟಲಲ್ಲಿ ತುರಿಕೆ ಎದ್ದ ಕೂಡಲೇ ಬೆರಳೆತ್ತಬೇಕು, ಅಷ್ಟೆ. ಆಮೇಲೆ ಎದುರು ಚಲನೆ, ಅಂದರೆ ಟಿಕ್ ಬರಲು ಜಾಗವೇ ಇಲ್ಲದ ಹಾಗೆ ದೇಹವನ್ನು ಬೇರೆ ಕೆಲಸದಲ್ಲಿ ತೊಡಗಿಸುವುದು. ‘ಹ್ಞುಂ’ಗೆ: ಬಾಯಿ ಮುಚ್ಚಿ, ಮೂಗಿನಿಂದ ಹೊಟ್ಟೆ ತುಂಬ ನಿಧಾನವಾಗಿ ಉಸಿರು ಎಳೆದು, ನಿಧಾನವಾಗಿ ಬಿಡುವುದು. ಕುತ್ತಿಗೆಗೆ: ಗದ್ದವನ್ನು ಸ್ವಲ್ಪ ಒಳಗೆ ಎಳೆದು, ನೋಟ ನೇರ ಇಟ್ಟು, ಕುತ್ತಿಗೆಯ ಸ್ನಾಯುಗಳನ್ನು ಮೆಲ್ಲಗೆ ಬಿಗಿ ಹಿಡಿಯುವುದು. ಒಂದು ನಿಮಿಷ, ಅಥವಾ ಒತ್ತಡ ಇಳಿಯುವವರೆಗೆ. ಪಕ್ಕದವರಿಗೆ ಗೊತ್ತಾಗದ ಹಾಗೆ ಮಾಡಬಲ್ಲದ್ದನ್ನೇ ಆರಿಸಬೇಕು. ಇಲ್ಲವಾದರೆ ಮಗು ಶಾಲೆಯಲ್ಲಿ ಅದನ್ನು ಮಾಡುವುದೇ ಇಲ್ಲ. ಒಂದು ಸಲಕ್ಕೆ ಒಂದೇ ಟಿಕ್ ಹಿಡಿದೆವು, ಮಗುವನ್ನು ಹೆಚ್ಚು ಕಾಡುವುದು ಮೊದಲು. ಕಣ್ಣು ಮಿಟುಕಿಸುವುದನ್ನು ನಾವು ಮುಟ್ಟಲೇ ಇಲ್ಲ, ಅದು ಅವನಿಗೆ ತೊಂದರೆ ಕೊಡುತ್ತಿರಲಿಲ್ಲ.

ಮನೆಯಲ್ಲಿ ತಾಯಿ ಪ್ರತಿ ‘ಹ್ಞುಂ’ಗೂ “ಉಸಿರು ತಗೋ, ಉಸಿರು” ಎಂದು ಎಚ್ಚರಿಸತೊಡಗಿದರು. ಕಾಳಜಿಯಿಂದಲೇ. ಹುಡುಗನಿಗೆ ಅದು ಬೈಗುಳದ ಹಾಗೆ ಕೇಳಿಸಿ, ಅಭ್ಯಾಸವನ್ನೇ ಬಿಟ್ಟ. ಸಂಜೆ ಹತ್ತು ನಿಮಿಷ ಮಾತ್ರ ಅಭ್ಯಾಸದ ಹೊತ್ತು, ಉಳಿದ ಹೊತ್ತಿನಲ್ಲಿ ಟಿಕ್ ಬಗ್ಗೆ ಯಾರೂ ಮಾತೆತ್ತುವಂತಿಲ್ಲ ಎಂದು ಬದಲಿಸಿದೆವು. ಮೆಚ್ಚಬೇಕಾದದ್ದು ಟಿಕ್ ಬರಲಿಲ್ಲ ಎಂಬುದನ್ನಲ್ಲ, ಅಭ್ಯಾಸ ಮಾಡಿದ ಎಂಬುದನ್ನು. ಸದ್ದು ಮಾಡಿದಾಗಲೆಲ್ಲ ಅಜ್ಜಿ ಅವನನ್ನು ಹತ್ತಿರ ಕರೆದು ಮೊಬೈಲ್ ಕೊಡುತ್ತಿದ್ದರು, ಅದನ್ನೂ ನಿಲ್ಲಿಸಿದರು.

ಮಾತ್ರೆ ಬೇಕಾದ ಹೊತ್ತು

ಜನವರಿಯ ಹೊತ್ತಿಗೆ ‘ಹ್ಞುಂ’ ಗಣನೀಯವಾಗಿ ಇಳಿದಿತ್ತು. ಆಗಲೇ ಕುತ್ತಿಗೆಯ ಟಿಕ್ ಏರಿತು. ದಿನವಿಡೀ ಝಾಡಿಸಿ ಝಾಡಿಸಿ ಸಂಜೆಗೆ ಕುತ್ತಿಗೆ ನೋವು, ಮಲಗಿದರೂ ನಿದ್ದೆ ಹತ್ತುತ್ತಿರಲಿಲ್ಲ. ಎದುರು ಚಲನೆಯಿಂದ ಸ್ವಲ್ಪ ಆರಾಮ ಸಿಗುತ್ತಿತ್ತು, ಸಾಕಾಗುತ್ತಿರಲಿಲ್ಲ. ನೋವು ಬಂದಿತು, ನಿದ್ದೆ ಕೆಟ್ಟಿತು ಎಂದರೆ ಲೆಕ್ಕ ಬದಲಾಯಿತು. ಮನೋವೈದ್ಯರು ಕ್ಲೋನಿಡಿನ್ ಶುರುಮಾಡಿದರು, 100 ಮೈಕ್ರೋಗ್ರಾಂ ಮಾತ್ರೆಯ ಅರ್ಧ, ರಾತ್ರಿ ಮಾತ್ರ. ಇದು ಅವನ ತೂಕ ನೋಡಿ, ಬಿಪಿ ಮತ್ತು ನಾಡಿ ಪರೀಕ್ಷಿಸಿ ನಿರ್ಧರಿಸಿದ ಅಳತೆ. ಬೇರೆ ಮಗುವಿಗೆ ಇದೇ ಅಳತೆ ಕೊಡಬಾರದು.

ಮೂಲದಲ್ಲಿ ಇದು ಬಿಪಿಯ ಮಾತ್ರೆ. ಹಾಗಾಗಿ ಮೊದಲ ದಿನಗಳಲ್ಲಿ ನಿದ್ದೆಗಣ್ಣು, ಎದ್ದು ನಿಂತಾಗ ತಲೆಸುತ್ತು ಬರಬಹುದು. ಮಲ್ಲುವಿಗೆ ಎರಡನೇ ಪಿರಿಯಡ್‌ವರೆಗೆ ತೂಕಡಿಕೆ ಇರುತ್ತಿತ್ತು. ಶಿಕ್ಷಕರು ಇದನ್ನು ಗಮನಿಸಿ ತಾಯಿಗೆ ಹೇಳಿದ್ದರಿಂದ ವೈದ್ಯರು ಮಾತ್ರೆಯ ಹೊತ್ತನ್ನು ಮುಂಚಿತಗೊಳಿಸಿದರು, ತೂಕಡಿಕೆ ಕಡಿಮೆಯಾಯಿತು. ಮಾತ್ರೆ ಶುರುವಾದಾಗ ಶಾಲೆಗೆ ತಿಳಿಸುವುದರ ಲಾಭ ಇದು. ಇಲ್ಲದಿದ್ದರೆ ತೂಕಡಿಕೆಗೂ ಬೈಗುಳ ತಿನ್ನುತ್ತಿದ್ದ.

ಮಾರ್ಚ್‌ನಲ್ಲಿ ಮನೆಯವರೆಲ್ಲ ಜಾತ್ರೆಗೆ ಹೋದಾಗ ಮಾತ್ರೆ ಮುಗಿದು ಎರಡು ರಾತ್ರಿ ತಪ್ಪಿತು. ಹೇಗೂ ಕಡಿಮೆಯಾಗಿದೆ, ಇಲ್ಲಿಗೇ ಬಿಟ್ಟುಬಿಡೋಣವೇ ಎಂದು ತಂದೆ ಫೋನ್ ಮಾಡಿದರು. ಕ್ಲೋನಿಡಿನ್ ಒಮ್ಮೆಲೇ ನಿಲ್ಲಿಸಿದರೆ ಬಿಪಿ ದಿಢೀರನೆ ಏರುವ ಅಪಾಯವಿದೆ. ವೈದ್ಯರು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ ನೋಡಿಸಿದರು. ಸರಿ ಇತ್ತು. ಮಾತ್ರೆ ಮತ್ತೆ ಶುರುವಾಯಿತು. ಬೇಸಿಗೆ ರಜೆಯಲ್ಲಿ ವೈದ್ಯರ ಸೂಚನೆಯಂತೆ ಹಂತಹಂತವಾಗಿ ಇಳಿಸಿ ನಿಲ್ಲಿಸಿದರು.

ಇದು ಸಾಲದೆ ಹೋಗಿದ್ದರೆ ಅರಿಪಿಪ್ರಜೋಲ್, ರಿಸ್ಪೆರಿಡೋನ್ ಇದ್ದವು. ಟಿಕ್ ಇಳಿಸುವುದರಲ್ಲಿ ಇವು ಹೆಚ್ಚು ಬಲವಾದವು. ಜೊತೆಗೆ ತೂಕ ಏರಿಸುತ್ತವೆ, ಹಸಿವು ಹೆಚ್ಚಿಸುತ್ತವೆ, ಕೆಲವರಲ್ಲಿ ಚಡಪಡಿಕೆಯೋ ಸ್ನಾಯು ಬಿಗಿತವೋ ತರುತ್ತವೆ, ಆದ್ದರಿಂದ ತೂಕ, ಸಕ್ಕರೆ, ಕೊಬ್ಬಿನ ಪರೀಕ್ಷೆಗಳನ್ನು ಆಗಾಗ ಮಾಡಿಸಬೇಕು. ಯಾವ ಮಾತ್ರೆಯೂ ಟಿಕ್ಕನ್ನು ಬೇರುಸಹಿತ ತೆಗೆಯುವುದಿಲ್ಲ, ಸಹಿಸುವ ಮಟ್ಟಕ್ಕೆ ತರುತ್ತದೆ. ಮನೆಯವರು ಇದನ್ನು ಮೊದಲೇ ಕೇಳಿಸಿಕೊಂಡಿದ್ದರೆ ಅರ್ಧಕ್ಕೆ ಬಿಡುವುದು, ಡಾಕ್ಟರ್ ಬದಲಿಸುವುದು ಕಡಿಮೆಯಾಗುತ್ತದೆ.

ನೋಟ್‌ಬುಕ್ಕಿನಲ್ಲಿ ಕಂಡದ್ದು

ಟಿಕ್ ಇಳಿದರೂ ಒಂದು ಸಂಗತಿ ಬದಲಾಗಲಿಲ್ಲ. ಬೋರ್ಡಿನಿಂದ ಬರೆದುಕೊಳ್ಳುವುದನ್ನು ಮಲ್ಲು ಎಂದೂ ಮುಗಿಸುತ್ತಿರಲಿಲ್ಲ. ಟಿಕ್‌ನಿಂದಲೇ ನಿಧಾನ ಎಂದುಕೊಂಡಿದ್ದೆವು. ಕನ್ನಡ ಶಿಕ್ಷಕರು ಒಂದು ದಿನ ಅವನ ನೋಟ್‌ಬುಕ್ಕನ್ನೇ ನನಗೆ ಕಳಿಸಿಕೊಟ್ಟರು. ಒಂದೇ ಸಾಲಿನಲ್ಲಿ ‘ಳ’ ಅಕ್ಷರ ಬಂದ ಕಡೆಯೆಲ್ಲ ರಬ್ಬರಿನಿಂದ ಉಜ್ಜಿ ಉಜ್ಜಿ ಕಾಗದ ತೆಳ್ಳಗಾಗಿತ್ತು, ಎರಡು ಕಡೆ ತೂತೇ ಬಿದ್ದಿತ್ತು. ಸುತ್ತು ಸರಿಯಾಗಿ ಕೂತಿದೆ ಎಂದು ಮನಸ್ಸಿಗೆ ಅನ್ನಿಸುವವರೆಗೆ ಅಳಿಸಿ ಬರೆಯುತ್ತಿದ್ದ. ಅಕ್ಷರ ಮೊದಲ ಸಲವೇ ಚೆನ್ನಾಗಿತ್ತು.

ಟುರೆಟ್ ಇರುವ ಮಕ್ಕಳಲ್ಲಿ ಬಹಳ ಜನಕ್ಕೆ ಜೊತೆಗೆ ಇನ್ನೊಂದು ತೊಂದರೆ ಇರುತ್ತದೆ. ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಗಮನ ನಿಲ್ಲದ, ಕೂತಲ್ಲಿ ಕೂರದ ಎಡಿಎಚ್‌ಡಿ. ಮೂವರಲ್ಲಿ ಒಬ್ಬರಿಗಾದರೂ ಗೀಳು. ಟಿಕ್ ಕಣ್ಣಿಗೆ ಬೀಳುತ್ತದೆ, ಇವು ಬೀಳುವುದಿಲ್ಲ. ಓದಿಗೆ ಹೆಚ್ಚು ಪೆಟ್ಟು ಬೀಳುವುದು ಎಷ್ಟೋ ಸಲ ಇವುಗಳಿಂದಲೇ. ಮಲ್ಲುವಿನದು ಗೀಳಿನ ಕಡೆಯದು. ಪೆನ್ಸಿಲ್ ಬಿಟ್ಟು ಪೆನ್ನು ಕೊಟ್ಟೆವು, ರಬ್ಬರ್ ಮನೆಯಲ್ಲೇ ಉಳಿಯಿತು. ದಿನಕ್ಕೆ ಮೂರು ಅಕ್ಷರ ‘ಸರಿ ಇಲ್ಲ’ ಅನ್ನಿಸಿದರೂ ಹಾಗೇ ಬಿಟ್ಟು ಮುಂದಿನ ಪದಕ್ಕೆ ಹೋಗುವ ಅಭ್ಯಾಸ ಮಾಡಿಸಿದೆವು. ಚಡಪಡಿಕೆ ಏರಿ ತಾನಾಗಿ ಇಳಿಯುವುದನ್ನು ಅವನು ಸ್ವತಃ ನೋಡಿದ. ಬೋರ್ಡಿನ ಪಾಠದ ಅರ್ಧವನ್ನು ಮಾತ್ರ ಬರೆದು, ಉಳಿದದ್ದನ್ನು ಗೆಳೆಯನ ನೋಟ್‌ಬುಕ್ಕಿನಿಂದ ಜೆರಾಕ್ಸ್ ಮಾಡಿಸಿ ಅಂಟಿಸಲು ಶಿಕ್ಷಕರು ಒಪ್ಪಿದರು. ವರ್ಷದ ಕೊನೆಯ ಪರೀಕ್ಷೆಯನ್ನು ಮುಖ್ಯಗುರುಗಳ ಕೋಣೆಯಲ್ಲಿ ಬರೆದ, ಹೆಚ್ಚುವರಿ ಸಮಯದೊಂದಿಗೆ. ಎಲ್ಲ ಪ್ರಶ್ನೆಗಳಿಗೂ ಉತ್ತರ ಬರೆದು ಮುಗಿಸಿದ್ದು ಅದೇ ಮೊದಲು.

ಇದರಿಂದ ಏನನ್ನು ಹೇಳಬಹುದು, ಏನನ್ನು ಹೇಳಲಾಗದು

ಆರನೇ ತರಗತಿಯ ದಸರಾ ಹೊತ್ತಿಗೆ ಕುತ್ತಿಗೆಯ ಟಿಕ್ ಮತ್ತೆ ಬಂತು, ಕೆಲವು ವಾರ ಇದ್ದು ಇಳಿಯಿತು. ಮಾತ್ರೆ ಬೇಕಾಗಲಿಲ್ಲ. ‘ಹ್ಞುಂ’ ಈಗಲೂ ಆಗೊಮ್ಮೆ ಈಗೊಮ್ಮೆ ಇದೆ. ಹಾಜರಾತಿ ಪೂರ್ತಿ. ಈ ಸುಧಾರಣೆಯೆಲ್ಲ ನಮ್ಮ ತರಬೇತಿಯಿಂದಲೇ ಆಯಿತು ಎಂದು ನಾನು ಹೇಳಲಾರೆ. ತಾಯಿತದ ಬಗ್ಗೆ ಮೇಲೆ ಹೇಳಿದ ಮಾತು ನಮಗೂ ಅನ್ವಯಿಸುತ್ತದೆ, ಇಳಿಯುವ ಹೊತ್ತಿಗೆ ನಾವು ಅಲ್ಲಿದ್ದೆವು ಎಂಬುದೂ ಇರಬಹುದು. ಆದರೆ ಶಾಲೆಗೆ ಹಿಂತಿರುಗಿದ್ದು ಟಿಕ್ ಇಳಿಯುವುದಕ್ಕಿಂತ ಮೊದಲು. ಡಿಸೆಂಬರಿನಲ್ಲಿ ಸದ್ದು ಇನ್ನೂ ಜೋರಾಗಿದ್ದಾಗಲೇ ಅವನು ದಿನವೂ ಶಾಲೆಗೆ ಬರುತ್ತಿದ್ದ. ಅದು ತರಗತಿ ಬದಲಾದದ್ದರ ಫಲ ಎಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ಔಷಧಕ್ಕೆ, ತಜ್ಞರಿಗೆ ಕಾಯುತ್ತ ಕೂರದೆ ಶಿಕ್ಷಕರು ನಾಳೆಯಿಂದಲೇ ಮಾಡಬಲ್ಲ ಭಾಗವೂ ಅದೇ.

ದೊಡ್ಡವನಾಗುತ್ತಿದ್ದಂತೆ ಟಿಕ್ ಕಡಿಮೆಯಾಗುತ್ತದೆಯೇ ಎಂದು ತಾಯಿ ಪ್ರತಿ ಭೇಟಿಯಲ್ಲೂ ಕೇಳುತ್ತಾರೆ. ಹರೆಯ ದಾಟುವ ಹೊತ್ತಿಗೆ ಬಹುಪಾಲು ಮಕ್ಕಳಲ್ಲಿ ಟಿಕ್ ಬಹಳ ಇಳಿಯುತ್ತದೆ, ಕೆಲವರಲ್ಲಿ ಉಳಿಯುತ್ತದೆ. ಮಲ್ಲು ಯಾವ ಗುಂಪಿನವನು ಎಂದು ಈಗಲೇ ಹೇಳಲು ಬರುವುದಿಲ್ಲ ಎಂದು ಹೇಳಿದ್ದೇನೆ. ಅವರು ಈಗ ಏಳನೇ ತರಗತಿಯ ಆಮೇಲಿನ ಚಿಂತೆಯಲ್ಲಿದ್ದಾರೆ, ಏಕೆಂದರೆ ಎಂಟನೆಯದಕ್ಕೆ ಹೈಸ್ಕೂಲು ಬೇರೆ. ಅಲ್ಲಿಗೆ ಕೊಂಡೊಯ್ಯಲು ಕನ್ನಡ ಶಿಕ್ಷಕರು ಒಂದು ಪುಟದ ಪತ್ರ ಬರೆದಿಟ್ಟಿದ್ದಾರೆ. ಅದರಲ್ಲಿ ರೋಗದ ಹೆಸರು ಒಂದೇ ಸಾಲು. ಉಳಿದದ್ದು ಬಾಗಿಲ ಬದಿಯ ಮೂರನೇ ಸಾಲು, ಕಂಪಾಸ್ ಡಬ್ಬಿಯ ಒಪ್ಪಂದ, ಓದಿನ ಸರದಿಯಲ್ಲಿ ಕಾಯುವುದು, ಪೆನ್ನಿನಲ್ಲಿ ಬರೆಸುವುದು, ಪರೀಕ್ಷೆಗೆ ಬೇರೆ ಕೋಣೆ. ಕುತ್ತಿಗೆ ನೋವು ಅಥವಾ ನಿದ್ದೆಗೇಡು ಕಂಡರೆ ತಾಯಿಗೆ ಫೋನ್ ಮಾಡಿ, ಮಂಗಳವಾರ ತಾಲೂಕು ಆಸ್ಪತ್ರೆಗೆ ಕಳಿಸಿ, ಶಾಲೆ ಮುಗಿದ ಮೇಲಿನ ಹೊತ್ತಿನಲ್ಲಿ ಸಲಹೆ ಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಎಂಬ ಸೂಚನೆ.